ಹೊಕ್ಕುಳಬಳ್ಳಿ ಕತ್ತರಿಸುವ ಮುನ್ನ
ಮಗು ಹೊರಬಂದ ಮೇಲೂ ಹೊಕ್ಕುಳಬಳ್ಳಿ ಕೆಲಹೊತ್ತು ಮಿಡಿಯುತ್ತಿರುತ್ತದೆ; ಮಾಸಿನಲ್ಲಿ ಉಳಿದ ರಕ್ತ ಮಗುವಿನತ್ತ ಹರಿಯುತ್ತಿರುತ್ತದೆ. ತಕ್ಷಣವೇ ಕ್ಲಾಂಪ್ ಹಾಕಿದರೆ ಆ ಹರಿವು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ 1 ನಿಮಿಷ ಕಾಯಲು ಹೇಳುತ್ತದೆ.

ದಿನ ತುಂಬಿ ಹುಟ್ಟಿದ 3 ಕೆ.ಜಿ. ಮಗುವಿಗೆ ಮೂರು ನಿಮಿಷದಲ್ಲಿ ಸುಮಾರು 100 ಮಿ.ಲೀ. ರಕ್ತ ಹೆಚ್ಚುವರಿಯಾಗಿ ಸಿಗಬಹುದು. ಮೈಯ ಒಟ್ಟು ರಕ್ತವೇ ಕಾಲು ಲೀಟರಿನ ಆಸುಪಾಸು ಎಂದಮೇಲೆ ಇದು ಸಣ್ಣ ಪಾಲಲ್ಲ. ಮುಂದೆ ಈ ಕೆಂಪು ರಕ್ತಕಣಗಳು ಒಡೆದಾಗ ಅವುಗಳಲ್ಲಿದ್ದ ಸುಮಾರು 50 ಮಿ.ಗ್ರಾಂ. ಕಬ್ಬಿಣ ದೇಹದಲ್ಲೇ ಶೇಖರವಾಗುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ತೀರ ಕಡಿಮೆ. ಮೊದಲ ತಿಂಗಳುಗಳಲ್ಲಿ ಮಗು ಈ ದಾಸ್ತಾನನ್ನೇ ನೆಚ್ಚಿಕೊಂಡಿರುತ್ತದೆ.

ರಕ್ತಕಣ ಹೆಚ್ಚಾದ್ದರಿಂದ ಕಾಮಾಲೆಯ ಸಾಧ್ಯತೆ ತುಸು ಏರಬಹುದು. ಕಣ್ಣು, ಚರ್ಮ ಹಳದಿಯಾಗುತ್ತಿದೆಯೇ ಎಂದು ಗಮನಿಸುತ್ತಿರಬೇಕು. ಉಸಿರಾಟಕ್ಕೆ ನೆರವು ನೀಡಲು ಮಗುವನ್ನು ತಕ್ಷಣ ಬೇರೆಡೆ ಒಯ್ಯಬೇಕಾದರೆ ಮಾತ್ರ ಕಾಯುವಂತಿಲ್ಲ.