ಅಳಿಸಬಹುದಾದದ್ದು, ಅಳಿಸಲಾಗದ್ದು

ಊರಿನ ಹಳೆಯ ಹೆಂಚಿನ ಮನೆಯ ಅಂಗಳದಲ್ಲಿ ಏಳು ಮಂದಿಯ ಕುಟುಂಬವೊಂದು ಛಾಯಾಚಿತ್ರ ತೆಗೆಸಿಕೊಂಡಿತು. ನಡುವಿನ ಕುರ್ಚಿಯಲ್ಲಿ ಮನೆಯ ಹಿರಿಯ ತಾಯಿ ಕುಳಿತಿದ್ದರು. ಅವರ ಎಡಗಡೆಗೆ ಹತ್ತು ವರ್ಷದ ಮೊಮ್ಮಗ ಒರಗಿ ನಿಂತು, ಅಜ್ಜಿಯ ಬೆನ್ನ ಹಿಂದಿನಿಂದ ಕೈ ಬಳಸಿದ್ದನು. ಕೆಲವು ತಿಂಗಳುಗಳ ಬಳಿಕ ಆ ತಾಯಿ ತೀರಿಕೊಂಡರು. ಅವರ ಬೇರೆ ಒಳ್ಳೆಯ ಚಿತ್ರ ಮನೆಯಲ್ಲಿರಲಿಲ್ಲ. ವರ್ಷಾಂತಿಕ ಸಮೀಪಿಸಿದಾಗ ಮಗನು ಛಾಯಾಗ್ರಾಹಕನಿಗೆ ಬರೆದನು: ಚಿತ್ರದಲ್ಲಿ ಕಾಣುವ ವಿದ್ಯುತ್ ತಂತಿ, ಪ್ಲಾಸ್ಟಿಕ್ ಬಕೆಟ್ಟು, ಜಗಲಿಯ ಮುಂದಿನ ಸ್ಕೂಟರು ಮತ್ತು ತಾಯಿಯ ಕನ್ನಡಕದ ಬಿಳಿ ಹೊಳಪು ಇವುಗಳನ್ನೆಲ್ಲ ತೆಗೆದುಹಾಕಬೇಕು, ಹಾಗೆಯೇ ಹುಡುಗನನ್ನು ಅಳಿಸಿ, ತಾಯಿಯೊಬ್ಬರದೇ ದೊಡ್ಡ ಚಿತ್ರವೊಂದನ್ನು ಮಾಡಿಕೊಡಬೇಕು.

ಛಾಯಾಗ್ರಾಹಕನು ಕೂಡಲೇ ಒಪ್ಪಿಕೊಳ್ಳಲಿಲ್ಲ. ಅವನು ಬರೆದ ಉತ್ತರ ಹೀಗೆ ಆರಂಭವಾಗುತ್ತದೆ: “ಮಾನ್ಯರೇ, ಚಿತ್ರದಿಂದ ವಸ್ತುವನ್ನು ತೆಗೆಯುವುದು ಕಷ್ಟವಲ್ಲ, ತೆಗೆದ ಜಾಗವನ್ನು ತುಂಬುವುದು ಕಷ್ಟ. ಆ ವಸ್ತುವಿನ ಹಿಂದೆ ಏನಿತ್ತೆಂಬುದನ್ನು ಕ್ಯಾಮೆರಾ ಕಂಡೇ ಇಲ್ಲ. ಆದುದರಿಂದ ಪ್ರತಿಯೊಂದು ವಸ್ತುವಿನ ವಿಷಯದಲ್ಲಿಯೂ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಜಾಗಕ್ಕೆ ಬೇಕಾದದ್ದು ನನಗೆ ಎಲ್ಲಿಂದ ಸಿಕ್ಕೀತು?”

ತಂತಿಯ ವಿಷಯದಲ್ಲಿ ಉತ್ತರ ಸುಲಭವಾಗಿತ್ತು. ಅದು ಆಕಾಶದ ಮೇಲೆ ಹಾದುಹೋಗಿದ್ದಿತು. ಅದರ ಎರಡು ಬದಿಗಳಲ್ಲಿಯೂ ಅದೇ ಆಕಾಶವಿದ್ದಿತು. ಕಂಪ್ಯೂಟರಿನಲ್ಲಿ ಪಕ್ಕದ ಚುಕ್ಕೆಗಳನ್ನು ನಕಲು ಮಾಡಿ ತಂತಿಯ ಮೇಲೆ ಹರಡಿದರೆ ಸಾಕು. ಬಕೆಟ್ಟು ಮಣ್ಣಿನ ಅಂಗಳದಲ್ಲಿದ್ದುದರಿಂದ ಅದನ್ನೂ ಹೀಗೆಯೇ ತೆಗೆಯಬಹುದು. ಆದರೆ ಇಲ್ಲಿ ಹೊಸಬರು ಎರಡು ತಪ್ಪುಗಳನ್ನು ಮಾಡುವುದುಂಟು. ಬಕೆಟ್ಟನ್ನು ಅಳಿಸಿ ಅದರ ನೆರಳನ್ನು ಮರೆಯುವುದು ಒಂದು. ಒಡೆಯನಿಲ್ಲದ ನೆರಳು ನೋಡುವವನನ್ನು ಕ್ಷಣದಲ್ಲಿ ಎಚ್ಚರಿಸುತ್ತದೆ. ಮಣ್ಣಿನ ಒಂದೇ ತುಣುಕನ್ನು ಮತ್ತೆ ಮತ್ತೆ ಒತ್ತುವುದು ಇನ್ನೊಂದು. ಆಗ ಅದೇ ಬೆಣಚುಕಲ್ಲು, ಅದೇ ಒಣ ಎಲೆ ಸಾಲಾಗಿ ಮೂರು ಕಡೆ ಕಾಣಿಸಿಕೊಳ್ಳುತ್ತವೆ. ತಿದ್ದಿದ ಚಿತ್ರವನ್ನು ಪರೀಕ್ಷಿಸುವವರು ಮೊದಲು ಹುಡುಕುವುದು ಇಂತಹ ಅವಳಿ ಗುರುತುಗಳನ್ನೇ.

ಈ ಕಾರ್ಯ ಕಂಪ್ಯೂಟರಿನೊಡನೆ ಹುಟ್ಟಿದ್ದಲ್ಲ. 1937ರಲ್ಲಿ ಸೋವಿಯತ್ ನಾಯಕ ಸ್ಟಾಲಿನ್ ಮಾಸ್ಕೋ ಕಾಲುವೆಯ ದಡದಲ್ಲಿ ನಡೆಯುತ್ತಿದ್ದ ಚಿತ್ರವೊಂದಿದೆ. ಅದರಲ್ಲಿ ಅವನ ಪಕ್ಕದಲ್ಲಿದ್ದ ಯೆಜೋವ್ ಎಂಬ ಅಧಿಕಾರಿ 1940ರಲ್ಲಿ ಮರಣದಂಡನೆಗೆ ಗುರಿಯಾದನು. ಅನಂತರದ ಪ್ರತಿಗಳಲ್ಲಿ ಅವನಿದ್ದ ಜಾಗದಲ್ಲಿ ಬರಿಯ ನೀರು ಕಾಣುತ್ತದೆ. ಆ ವಂಚನೆ ಕಣ್ಣಿಗೆ ಒಪ್ಪುವಂತಿರಲು ತಿದ್ದಿದವನ ಕೈಚಳಕವೊಂದೇ ಕಾರಣವಲ್ಲ. ಹಿಂದೆ ಇದ್ದದ್ದು ಕಾಲುವೆಯ ನೀರು ಎಂಬುದೂ ಕಾರಣ.

ಸ್ಕೂಟರಿನ ಹಿಂದೆ ಇದ್ದದ್ದು ನೀರಲ್ಲ. ಜಗಲಿಯ ಅಂಚು, ಎರಡು ಮೆಟ್ಟಿಲು ಮತ್ತು ಮರದ ಕಂಬವೊಂದರ ಬುಡ ಅದರ ಮರೆಯಲ್ಲಿದ್ದವು. ಅಂಚನ್ನು ಎರಡು ಕಡೆಯಿಂದ ಎಳೆದು ಕೂಡಿಸಿದರೆ ಗೆರೆಯು ನಡುವೆ ಕೂದಲೆಳೆಯಷ್ಟಾದರೂ ಬಾಗುತ್ತದೆ, ಮತ್ತು ನೇರವಾದ ಗೆರೆಯ ಡೊಂಕನ್ನು ಮನುಷ್ಯನ ಕಣ್ಣು ಬಹುಬೇಗ ಗುರುತಿಸುತ್ತದೆ. ಜೊತೆಯ ಕಂಬದ ಬುಡವನ್ನು ನಕಲು ಮಾಡೋಣವೆಂದರೆ, ಅದು ನೆರಳಿನಲ್ಲಿದೆ, ಇದು ಬಿಸಿಲಿನಲ್ಲಿದೆ. “ಇದನ್ನು ಮಾಡಿದರೂ ಸುಳ್ಳೆಂದು ಕಂಡೀತು, ಬಲಬದಿಯನ್ನು ಸ್ವಲ್ಪ ಕತ್ತರಿಸಿದರೆ ಸ್ಕೂಟರು ತಾನೇ ಹೊರಗುಳಿಯುತ್ತದೆ, ಯಾರ ಮುಖಕ್ಕೂ ಹಾನಿಯಿಲ್ಲ” ಎಂದು ಅವನು ಬರೆದನು.

ಕನ್ನಡಕದ ಹೊಳಪು ಬೇರೆ ಬಗೆಯದು. ಸಾಮಾನ್ಯ ಚಿತ್ರದಲ್ಲಿ ಪ್ರತಿ ಚುಕ್ಕೆಯ ಕೆಂಪು, ಹಸಿರು, ನೀಲಿಗಳಿಗೆ 0ಯಿಂದ 255ರವರೆಗೆ ಅಂಕೆಗಳಿರುತ್ತವೆ. ಹೊಳಪು ಮಂದವಾಗಿದ್ದರೆ ಅದರ ಅಡಿಯಲ್ಲಿ ರೆಪ್ಪೆಯ ಗೆರೆಗಳು ಅಂಕೆಗಳಾಗಿ ಉಳಿದಿರುತ್ತವೆ. ಅವುಗಳನ್ನು ಗಾಢಗೊಳಿಸಿ ಹೊರತರಬಹುದು. ಇಲ್ಲಿಯಾದರೋ ಬಲಗಾಜಿನ ತುಂಬ ಮೂರೂ ಅಂಕೆಗಳು 255 ಆಗಿದ್ದವು. ಎಂದರೆ ಅಲ್ಲಿ ಕಣ್ಣು ಮಸುಕಾಗಿರಲಿಲ್ಲ, ಇರಲೇ ಇಲ್ಲ. ಆದರೆ ಅದೃಷ್ಟವಶಾತ್ ಅದೇ ನಿಮಿಷದಲ್ಲಿ, ಮೂರು ಕಾಲಿನ ಸ್ಟ್ಯಾಂಡನ್ನು ಕದಲಿಸದೆ, ಇನ್ನೂ ಎರಡು ಚಿತ್ರಗಳನ್ನು ತೆಗೆಯಲಾಗಿತ್ತು. ಅವುಗಳೊಂದರಲ್ಲಿ ತಾಯಿ ಮುಖವನ್ನು ತುಸು ತಗ್ಗಿಸಿದ್ದರು; ಹೊಳಪು ಗಾಜಿನ ಅಂಚಿಗೆ ಸರಿದು ಕಣ್ಣು ತಿಳಿಯಾಗಿ ಮೂಡಿತ್ತು. ಬೆಳಕು, ದೂರ, ಗಾತ್ರ ಎಲ್ಲವೂ ಒಂದೇ. ಕಣ್ಣೊಂದನ್ನೇ ಕತ್ತರಿಸಿ ತಂದರೆ ಮುಖ ಒಂದು ಕಡೆ, ನೋಟ ಇನ್ನೊಂದು ಕಡೆ ಆಗುತ್ತದೆ. ಆದುದರಿಂದ ತಲೆಯನ್ನು ಇಡಿಯಾಗಿ ತಂದು ಕತ್ತಿನ ಬಳಿ ಬೆಸೆಯುವುದು ಅವನ ಯೋಜನೆ. “ಇದು ಅವರದೇ ಕಣ್ಣು, ಅದೇ ಗಳಿಗೆಯ ನೋಟ, ಧೈರ್ಯವಾಗಿ ಮಾಡಬಹುದು.”

ಕೊನೆಗೆ ಉಳಿದವನು ಮೊಮ್ಮಗ. ಅವನ ತಲೆಯ ಹಿಂದೆ ಸುಣ್ಣ ಬಳಿದ ಗೋಡೆಯಿದ್ದುದರಿಂದ ಅಷ್ಟು ಭಾಗವನ್ನು ಅಳಿಸುವುದು ಕಷ್ಟವಲ್ಲ. ಆದರೆ ಅವನ ಎದೆ ಮತ್ತು ಹೊಟ್ಟೆ ಅಜ್ಜಿಯ ಎಡಗೈಯನ್ನು ತೋಳಿನಿಂದ ಬೆರಳವರೆಗೆ ಮುಚ್ಚಿದ್ದವು. ಮೂರು ಚಿತ್ರಗಳಲ್ಲಿಯೂ ಅವನು ಅಲ್ಲಿಂದ ಕದಲಿರಲಿಲ್ಲ. ಇಂದಿನ ಕೆಲವು ತಂತ್ರಾಂಶಗಳು ಇಲ್ಲದ ಕೈಯನ್ನು ತಾವೇ ಕಲ್ಪಿಸಿ ಮೂಡಿಸಬಲ್ಲವು. ಛಾಯಾಗ್ರಾಹಕನು ಅದನ್ನು ಮರೆಮಾಚಲಿಲ್ಲ. “ಹಾಗೆ ಮೂಡುವುದು ಒಬ್ಬ ವೃದ್ಧೆಯ ಕೈ, ತಮ್ಮ ತಾಯಿಯವರ ಕೈಯಲ್ಲ. ಬಳೆ ಎಷ್ಟಿದ್ದವು, ಬೆರಳು ಎಷ್ಟು ಬಾಗಿತ್ತು ಎಂಬುದು ಆ ಯಂತ್ರಕ್ಕೆ ತಿಳಿಯದು. ಪರರು ಗಮನಿಸಲಾರರು, ತಾವು ಪ್ರತಿದಿನ ಗಮನಿಸುವಿರಿ.”

ಇದಲ್ಲದೆ ಅಜ್ಜಿಯ ಬಲಭುಜದ ಮೇಲೆ ಹುಡುಗನ ನಾಲ್ಕು ಬೆರಳುಗಳು ಕಾಣುತ್ತಿದ್ದವು. ಅವನನ್ನು ಅಳಿಸಿ ಬೆರಳುಗಳನ್ನು ಬಿಟ್ಟರೆ ಅವು ಯಾರವೂ ಅಲ್ಲದ ಬೆರಳುಗಳಾಗುತ್ತವೆ. ಬೆರಳುಗಳನ್ನು ಅಳಿಸಿದರೂ, ಅವು ಒತ್ತಿದ್ದರಿಂದ ಸೀರೆಯಲ್ಲಿ ಎದ್ದ ಮಡಿಕೆಗಳು ಉಳಿಯುತ್ತವೆ. ಕಾಣದ ಏನೋ ಒಂದು ಸೆರಗನ್ನು ಹಿಡಿದಂತೆ ತೋರುತ್ತದೆ.

ಆದುದರಿಂದ ಅವನು ಸೂಚಿಸಿದ್ದು ಮುಖ ಮತ್ತು ಕತ್ತಿನಷ್ಟೇ ಭಾಗವನ್ನು ಕತ್ತರಿಸಿಕೊಳ್ಳುವುದನ್ನು. ಭುಜದ ಮೇಲಿನ ಬೆರಳುಗಳೂ ಮುಚ್ಚಿದ ಕೈಯೂ ಆಗ ಚೌಕಟ್ಟಿನ ಹೊರಗೆ ಉಳಿಯುತ್ತವೆ. ಒಳಗೆ ಬರುವ ಹುಡುಗನ ಕೆನ್ನೆಯ ಹಿಂದೆ ಬರಿಯ ಗೋಡೆಯಿದೆ. ಆದರೆ ಇದಕ್ಕೂ ಮಿತಿಯುಂಟು. ಮೂಲಚಿತ್ರ 6000 ಚುಕ್ಕೆ ಅಗಲವಿದ್ದರೂ ಆ ಭಾಗಕ್ಕೆ ದೊರೆಯುವುದು 600 ಚುಕ್ಕೆ ಅಗಲ, 750 ಚುಕ್ಕೆ ಎತ್ತರ ಮಾತ್ರ. ಅಂಗುಲಕ್ಕೆ 150 ಚುಕ್ಕೆಯಂತೆ ಮುದ್ರಿಸಿದರೆ 4 ಅಂಗುಲ ಅಗಲ, 5 ಅಂಗುಲ ಎತ್ತರದ ಚಿತ್ರವಾಗುತ್ತದೆ. ಅದಕ್ಕಿಂತ ಬಹಳ ಹಿಗ್ಗಿಸಿದರೆ ಚರ್ಮವು ಮೇಣದಂತೆ ನುಣುಪಾಗಿ, ಮುಖವು ಮಸುಕಾಗುತ್ತದೆ.

ಮಗನ ಉತ್ತರ ಒಂದು ವಾರದ ಅನಂತರ ಬಂದಿತು. ವರ್ಷಾಂತಿಕಕ್ಕೆಂದು ಆ ಚಿಕ್ಕ ಚಿತ್ರವನ್ನೇ ಅವನು ಒಪ್ಪಿಕೊಂಡಿದ್ದನು. ಗೋಡೆಗೆ ಹಾಕಲು ದೊಡ್ಡದೊಂದು ಬೇಕೆಂದೂ, ಅದರಲ್ಲಿ ತಂತಿ, ಬಕೆಟ್ಟು, ಹೊಳಪುಗಳನ್ನು ಮಾತ್ರ ತೆಗೆದು ಹುಡುಗನನ್ನು ಇದ್ದಂತೆಯೇ ಬಿಡಬೇಕೆಂದೂ ಬರೆದಿದ್ದನು.