ಐದು ಚೀಟಿ, ಹತ್ತು ಜೋಡಿ

2024ರ ಏಪ್ರಿಲ್ 26ರಂದು ಚಿತ್ರದುರ್ಗ ಲೋಕಸಭಾ ಕ್ಷೇತ್ರದಲ್ಲಿ ಮತದಾನ ನಡೆಯಿತು. ಎಲ್ಲ ವಿವಿಪ್ಯಾಟ್ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದೂ ಅದೇ ದಿನ. ಹಾಗಾಗಿ 2019ರ ಆದೇಶವೇ ಉಳಿಯಿತು: ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಐದು ಮತಗಟ್ಟೆ ಆರಿಸುವುದು, ಅಲ್ಲಿನ ವಿವಿಪ್ಯಾಟ್ ಚೀಟಿಗಳನ್ನು ಇವಿಎಂ ಲೆಕ್ಕದೊಂದಿಗೆ ತಾಳೆ ನೋಡುವುದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲಕ್ಕೂ ಐದೈದೇ.

ಓದುಗರೊಬ್ಬರ ಪ್ರಶ್ನೆ: ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕುವುದಿಲ್ಲವಲ್ಲ, ಹಾಗಾದರೆ ಐದನೆಯ ಚೀಟಿಯ ಲೆಕ್ಕ ಮೊದಲನೆಯದರಂತೆಯೇ ಇರುತ್ತದೆಯೇ?

ಲೆಕ್ಕಕ್ಕೆಂದು ಹೊಸದುರ್ಗದಲ್ಲಿ 240 ಮತಗಟ್ಟೆಗಳಿವೆ, ಅವುಗಳಲ್ಲಿ 24 ತಾಳೆಯಾಗುವುದಿಲ್ಲ ಎಂದು ಊಹಿಸೋಣ. ಚೀಟಿಯಲ್ಲಿ ತಪ್ಪು ಮತಗಟ್ಟೆ ಬಂದರೆ 1, ಸರಿಯಾದದ್ದು ಬಂದರೆ 0 ಎಂದು ಬರೆಯುತ್ತ ಹೋಗಿ. ಐದರ ಮೊತ್ತವೇ ಸಿಕ್ಕಿಬಿದ್ದ ತಪ್ಪುಗಳ ಸಂಖ್ಯೆ. ಮೊದಲ ನಾಲ್ಕನ್ನು ಬಿಡಿಸಿ ನೋಡುವ ಮುನ್ನ ಐದನೆಯ ಚೀಟಿಯೂ 240ರಲ್ಲಿ ಯಾವುದಾದರೂ ಆಗಬಹುದು. ಆದ್ದರಿಂದ ಐದಕ್ಕೂ ಸಂಭವ ಒಂದೇ, 0.1. ಒಂದೊಂದರ ವೇರಿಯನ್ಸ್, ಅಂದರೆ ಏರಿಳಿತದ ಅಳತೆ, 0.1 × 0.9 = 0.09.

ಚೀಟಿಗಳ ನಂಟು ಕಾಣುವುದು ಜೋಡಿಗಳಲ್ಲಿ. ಒಂದು ತಪ್ಪು ಹೊರಬಂದರೆ ಡಬ್ಬಿಯಲ್ಲಿ ಉಳಿಯುವ ತಪ್ಪುಗಳು 239ರಲ್ಲಿ 23. ಇನ್ನೊಂದು ಸಿಗುವ ಸಂಭವ ಕೊಂಚ ತಗ್ಗುತ್ತದೆ. ಈ ಎಳೆದಾಟದ ಅಳತೆಯೇ ಕೋವೇರಿಯನ್ಸ್. ಅದನ್ನು ಕಂಡುಹಿಡಿಯಲು ಒಂದು ಸೊಗಸಾದ ದಾರಿಯಿದೆ. 240 ಚೀಟಿಗಳನ್ನೂ ಎತ್ತಿಬಿಡಿ. ಆಗ ಮೊತ್ತ ಖಂಡಿತವಾಗಿ 24, ಏರಿಳಿತ ಸೊನ್ನೆ. ಎಲ್ಲ ಜೋಡಿಗಳ ಕೋವೇರಿಯನ್ಸ್ ಒಂದೇ ಆಗಿರುವುದರಿಂದ ಅದನ್ನು c ಎಂದರೆ,

240 × 0.09 + 240 × 239 × c = 0

c = −0.09/239, ಸುಮಾರು −0.00038. ಐದು ಚೀಟಿಗಳಲ್ಲಿ ಹತ್ತು ಜೋಡಿಗಳಿವೆ; ಮೊತ್ತದ ವೇರಿಯನ್ಸ್‌ನಲ್ಲಿ ಪ್ರತಿ ಜೋಡಿಯೂ ಎರಡು ಸಲ ಬರುತ್ತದೆ:

5 × 0.09 + 20 × c = 0.45 − 0.0075 = 0.4425

N ಮತಗಟ್ಟೆಗಳಲ್ಲಿ n ಆರಿಸಿದಾಗ, ತಪ್ಪಿನ ಸಂಭವ p ಆದರೆ, ಸಾಮಾನ್ಯ ರೂಪದಲ್ಲಿ ಇದು np(1−p)(N−n)/(N−1). ಸೂತ್ರ ಸರಿಯೇ ಎಂದು ನೋಡಲು n ಜಾಗದಲ್ಲಿ N ಹಾಕಿ: ಸೊನ್ನೆ ಬರಲೇಬೇಕು.

ಅಂದರೆ ಚೀಟಿ ಮರಳಿ ಹಾಕದಿದ್ದುದರಿಂದ ಆದ ವ್ಯತ್ಯಾಸ ನೂರಕ್ಕೆ ಎರಡರಷ್ಟೂ ಇಲ್ಲ. ಕ್ಷೇತ್ರದಲ್ಲಿ 480 ಮತಗಟ್ಟೆಗಳಿದ್ದು ಹತ್ತರಲ್ಲೊಂದು ತಪ್ಪಿದ್ದರೂ ಉತ್ತರ 0.446 ಮಾತ್ರ. ಕ್ಷೇತ್ರ ಚಿಕ್ಕದಿದ್ದರೆ ಐದು ಸಾಕು, ದೊಡ್ಡದಾದರೆ ಸಾಲದು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ನಿಜವಾದ ಕೊರತೆಯಿರುವುದು ಐದು ಎಂಬ ಸಂಖ್ಯೆಯಲ್ಲೇ: 24 ತಪ್ಪುಗಳಿದ್ದರೂ ಐದು ಚೀಟಿಗಳಲ್ಲಿ ಒಂದೂ ಸಿಗದಿರುವ ಸಂಭವ ಶೇ 59. ಐದೂ ತಾಳೆಯಾದವು ಎಂದಮಾತ್ರಕ್ಕೆ ಆ ಒಂದು ಕ್ಷೇತ್ರದ ಎಲ್ಲವೂ ಸರಿಯೆಂದು ಹೇಳುವಂತಿಲ್ಲ.