ಪದಕಕ್ಕೆ ದರ ಕಟ್ಟುವ ಲೆಕ್ಕ

2024ರ ಫೆಬ್ರವರಿಯಲ್ಲಿ ಜರ್ಮನಿಯ ಮ್ಯಾಕ್ಸ್ ಡೆನಿಂಗ್ 90.20 ಮೀಟರ್ ದೂರಕ್ಕೆ ಜಾವೆಲಿನ್ ಎಸೆದರು. ಪ್ಯಾರಿಸ್ ಒಲಿಂಪಿಕ್ಸ್‌ಗೆ ಬಂದವರಲ್ಲಿ ಆ ಋತುವಿನ ಅತಿ ದೂರದ ಎಸೆತ ಅವರದೇ. ಪಾಕಿಸ್ತಾನದ ಅರ್ಷದ್ ನದೀಮ್ ಅವರ ಹೆಸರಿನ ಮುಂದಿದ್ದದ್ದು ಬರೀ 84.21. ಕೊನೆಗೆ ಡೆನಿಂಗ್ ಫೈನಲ್ಲನ್ನೇ ತಲುಪಲಿಲ್ಲ. ನದೀಮ್ 92.97 ಮೀಟರ್ ಎಸೆದು ಒಲಿಂಪಿಕ್ ದಾಖಲೆಯೊಂದಿಗೆ ಚಿನ್ನ ಗೆದ್ದರು.

ಬ್ರಿಟನ್‌ನಂಥ ದೇಶಗಳಲ್ಲಿ ಬೆಟ್ಟಿಂಗ್ ಕಾನೂನುಬದ್ಧ. ಅಲ್ಲಿನ ಕಂಪನಿಗಳು ಪ್ರತಿ ಸ್ಪರ್ಧಿಗೂ ಎರಡು ದರ ಇಡುತ್ತವೆ: ಚಿನ್ನ ಗೆಲ್ಲುವುದಕ್ಕೊಂದು, ಮೂರರಲ್ಲಿ ಯಾವುದಾದರೂ ಪದಕ ಗೆಲ್ಲುವುದಕ್ಕೊಂದು. ಒಬ್ಬರ ಪದಕದ ದರ 1.25 ಎಂದಿಟ್ಟುಕೊಳ್ಳಿ. ನೂರು ಕಟ್ಟಿ ಗೆದ್ದರೆ ಅಸಲೂ ಸೇರಿ 125 ಕೈಗೆ ಬರುತ್ತದೆ. ಒಂದನ್ನು 1.25ರಿಂದ ಭಾಗಿಸಿದರೆ ಶೇ 80. ಅಂದರೆ ಅವರಿಗೆ ಪದಕ ಸಿಗುವ ಸಾಧ್ಯತೆ ಅಷ್ಟು ಎಂದು ದರ ಹೇಳುತ್ತದೆ.

ಆ 80ನ್ನು ಹಾಗೆಯೇ ನಂಬುವಂತಿಲ್ಲ. ಪದಕ ಮೂರೇ ಇರುವುದರಿಂದ ಎಲ್ಲ ಸ್ಪರ್ಧಿಗಳ ಸಾಧ್ಯತೆ ಕೂಡಿದರೆ 300 ಆಗಬೇಕು. ಕಂಪನಿಯ ದರಗಳನ್ನು ಕೂಡಿದಾಗ 345 ಬಂತು ಎನ್ನಿ. ಹೆಚ್ಚುವರಿ 45 ಕಂಪನಿ ತನಗಾಗಿ ಸೇರಿಸಿಕೊಂಡ ಲಾಭ. ಅದನ್ನು ಎಲ್ಲರಿಂದಲೂ ಒಂದೇ ಪ್ರಮಾಣದಲ್ಲಿ ಕಳೆದರೆ, 80 ಸುಮಾರು 70ಕ್ಕೆ ಇಳಿಯುತ್ತದೆ. ದರದ ಹಿಂದಿರುವ ನಿಜವಾದ ಅಂದಾಜು ಅದು.

ಆ ಅಂದಾಜಿಗೆ ಮೊದಲ ಆಧಾರ ಋತುವಿನ ಅತ್ಯುತ್ತಮ ಎಸೆತ. ಇಡೀ ಋತುವಿನಲ್ಲಿ ಹಲವು ಕೂಟಗಳಲ್ಲಿ ಎಸೆದದ್ದರಲ್ಲಿ ಅದೊಂದೇ ಪಟ್ಟಿಗೆ ಸೇರುತ್ತದೆ. ಆ ದಿನ ಗಾಳಿಯೂ ಅನುಕೂಲವಾಗಿ ಬೀಸಿರಬಹುದು. ಹೆಚ್ಚು ಕೂಟಗಳಲ್ಲಿ ಆಡಿದವರಿಗೆ ದೊಡ್ಡ ಅಂಕಿ ದೊರೆಯುವ ಅವಕಾಶವೂ ಹೆಚ್ಚು. ಗಾಯದಿಂದ ಚೇತರಿಸಿಕೊಂಡು ಅಪರೂಪಕ್ಕೆ ಕಣಕ್ಕಿಳಿದ ನದೀಮ್ ಅವರ 84.21 ಅವರ ಶಕ್ತಿಯ ಅಳತೆಯಾಗಿರಲಿಲ್ಲ. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರು 90.18 ಎಸೆದಿದ್ದರು, 2023ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದಿದ್ದರು. ಎಸೆತಗಳು ಕಡಿಮೆ ಇದ್ದಾಗ ಹಿಂದಿನ ವರ್ಷಗಳ ಸಾಧನೆಗೆ ಹೆಚ್ಚು ತೂಕ ಕೊಡಬೇಕು.

ಎರಡನೆಯದು, ದೊಡ್ಡ ಕೂಟದಲ್ಲಿ ಆಟಗಾರ ತನ್ನ ಋತುವಿನ ಅಂಕಿಗೆ ಎಷ್ಟು ಹತ್ತಿರ ಬರುತ್ತಾನೆ ಎಂಬುದು. ಫೈನಲ್‌ನಲ್ಲಿ ಮೊದಲು ಮೂರು ಎಸೆತ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮುಂದಿನ ಮೂರು ಮೊದಲ ಎಂಟು ಸ್ಥಾನದಲ್ಲಿದ್ದವರಿಗೆ ಮಾತ್ರ ಇತ್ತು. 2021ರಲ್ಲಿ 96.29 ಎಸೆದಿದ್ದ ಜೊಹಾನೆಸ್ ವೆಟ್ಟರ್ ಟೋಕಿಯೊ ಫೈನಲ್‌ನಲ್ಲಿ 82.52ಕ್ಕೇ ನಿಂತು, ಒಂಬತ್ತನೆಯವರಾಗಿ ಹೊರನಡೆದರು. ಅದೇ ಋತುವಿನಲ್ಲಿ 88.07 ಎಸೆದಿದ್ದ ನೀರಜ್ ಚೋಪ್ರಾ 87.58 ಎಸೆದು ಚಿನ್ನ ಗೆದ್ದರು. ಒಬ್ಬರ ಕೊರತೆ ಹದಿಮೂರು ಮೀಟರ್‌ಗೂ ಹೆಚ್ಚು, ಇನ್ನೊಬ್ಬರದು ಅರ್ಧ ಮೀಟರ್. ಈ ಅಂತರವನ್ನು ಹಲವು ಕೂಟಗಳಿಂದ ಕಲೆಹಾಕಿದರೆ ಆಟಗಾರನ ಸ್ಥಿರತೆ ಗೊತ್ತಾಗುತ್ತದೆ.

ಮೂರನೆಯದು ಕಣದ ದಟ್ಟಣೆ. ಸಾಮಾನ್ಯ ಪ್ರೇಕ್ಷಕರು ಹೆಚ್ಚಾಗಿ ಮರೆಯುವುದು ಇದನ್ನೇ. 86 ಮೀಟರ್ ಎಸೆತವೊಂದನ್ನು ಮೂರು ಫೈನಲ್‌ಗಳಲ್ಲಿ ಇಟ್ಟು ನೋಡಿ. 2021ರ ಟೋಕಿಯೊದಲ್ಲಿ ಕಂಚಿನ ಎಸೆತ 85.44 ಆಗಿದ್ದರಿಂದ ಅದಕ್ಕೆ ಪದಕ ಸಿಗುತ್ತಿತ್ತು. 2023ರ ಬುಡಾಪೆಸ್ಟ್‌ನಲ್ಲಿ ಕಂಚಿಗೆ 86.67 ಬೇಕಾಗಿದ್ದು, ಅದು ನಾಲ್ಕನೆಯದಾಗುತ್ತಿತ್ತು. ಪ್ಯಾರಿಸ್‌ನಲ್ಲಿ ಅದೇ ಎಸೆತ ಎಂಟನೆಯ ಸ್ಥಾನಕ್ಕೆ ಇಳಿಯುತ್ತಿತ್ತು. ಅಲ್ಲಿ ಆ್ಯಂಡರ್ಸನ್ ಪೀಟರ್ಸ್ 88.54ಕ್ಕೆ ಕಂಚು ಗೆದ್ದರು, 88.50 ಎಸೆದ ಯಾಕುಬ್ ವಾಡ್ಲೆಚ್ ನಾಲ್ಕೇ ಸೆಂಟಿಮೀಟರ್ ಕೊರತೆಯಿಂದ ಬರಿಗೈಲಿ ಮರಳಿದರು. ಇಷ್ಟು ದಟ್ಟ ಕಣದಲ್ಲಿ ಮೂರನೆಯ ಸ್ಥಾನಕ್ಕೆ ಹಕ್ಕುದಾರರು ಹಲವರು. ಆಗ ಮಧ್ಯಮ ಸ್ಪರ್ಧಿಗಳ ಪದಕದ ಸಾಧ್ಯತೆ ಹಂಚಿಹೋಗುತ್ತದೆ, ದರ ಏರುತ್ತದೆ.

ಅರ್ಹತಾ ಸುತ್ತು ಮುಗಿದ ಮೇಲೂ ಈ ದರಗಳು ಅಲುಗಾಡುತ್ತವೆ. ಪ್ಯಾರಿಸ್‌ನಲ್ಲಿ ನೀರಜ್ ಮೊದಲ ಎಸೆತದಲ್ಲೇ 89.34 ದಾಟಿಸಿ ಅಗ್ರಸ್ಥಾನ ಪಡೆದರು. ಆದರೆ ಆ ಅಂಕಿ ಫೈನಲ್‌ಗೆ ಲೆಕ್ಕಕ್ಕಿಲ್ಲ. ಫೈನಲ್‌ನಲ್ಲಿ ಅವರ ಆರು ಎಸೆತಗಳಲ್ಲಿ ಐದು ಫೌಲ್ ಆದವು. ಉಳಿದ ಒಂದೇ ಒಂದು ಎಸೆತ, 89.45, ಬೆಳ್ಳಿ ತಂದಿತು. ಅದೂ ಫೌಲ್ ಆಗಿದ್ದರೆ ಎಲ್ಲರ ಮೆಚ್ಚಿನ ಆಟಗಾರ ಪಟ್ಟಿಯಲ್ಲೇ ಇರುತ್ತಿರಲಿಲ್ಲ. ಅತ್ಯುತ್ತಮ ಸ್ಪರ್ಧಿಗೂ ಲೆಕ್ಕ ಬಲ್ಲವರು ಶೇ 100 ಕೊಡದಿರುವುದು ಇದಕ್ಕೇ.

ಭಾರತದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ. ಆದರೂ ಈ ಲೆಕ್ಕ ಟಿ.ವಿ. ಮುಂದೆ ಕೂರುವ ನಮಗೂ ಬೇಕು. ಋತುವಿನ ಪಟ್ಟಿಯಲ್ಲಿ ಮೊದಲ ಹೆಸರು ಕಂಡೊಡನೆ ಚಿನ್ನ ಖಚಿತ ಎನ್ನುವ ಮುನ್ನ ಆ ಅಂಕಿ ಎಷ್ಟು ಕೂಟಗಳಿಂದ ಬಂತು, ಹಿಂದಿನ ಫೈನಲ್‌ಗಳಲ್ಲಿ ಆತ ಎಷ್ಟು ಎಸೆದ, ಅವನ ಬೆನ್ನಿಗೇ ಎಷ್ಟು ಜನ ಇದ್ದಾರೆ ಎಂದು ನೋಡಬೇಕು. 2025ರಲ್ಲಿ 91.51 ಎಸೆದಿದ್ದ ಜೂಲಿಯನ್ ವೆಬರ್ ಕೆಲವೇ ವಾರಗಳ ನಂತರ ಟೋಕಿಯೊದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 86.11ಕ್ಕೆ ಐದನೆಯವರಾದರು. ಅಲ್ಲಿ ಚಿನ್ನ ಗೆದ್ದ ಕೆಶೋರ್ನ್ ವಾಲ್ಕಾಟ್ ಎಸೆದದ್ದು 88.16.